ನನ್ನ ಲ್ಯಾಪ್‌ಟಾಪಲ್ಲಿ ಕಾಣ್ತಿಲ್ಲ, ಅಂದ್ರೆ ನೀನೇ ಹಾಕಿಲ್ಲ

ದೀಪಾವಳಿಗೆ ಹದಿನೈದು ದಿನ ಇತ್ತು. ಇಳಕಲ್ಲಿಂದ ತಮ್ಮನ ಫೋನು. ತಮ್ಮ ಅಂದರೆ ಕಾಕಾನ ಮಗ. ಕಾಕಾನದು ಸೀರೆ ವ್ಯಾಪಾರ, ಮನೇಲಿ ಎರಡು ಮಗ್ಗ, ಮುಂದೆ ಸಣ್ಣ ಅಂಗಡಿ. ತಮ್ಮ ಸೀರೆಗಳ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕ್ತಾನೆ. ಅವನ ದನಿಯಲ್ಲಿ ಗಾಬರಿ ಇತ್ತು.

“ಅಣ್ಣಾ, ವಿಡಿಯೋದ ಕಡೀಕ ಹಾಕಿದ್ದು ಮಂದಿಗೆ ಕಾಣವಲ್ದಂತ. ಎಡಿಟರ್‌ದಾಗ ಐತಿ, ನನ್ನ ಫೋನ್ಯಾಗೂ ಐತಿ. ಬಾದಾಮಿ ಗಿರಾಕಿ ಒಬ್ರು ಫೋನ್ ಮಾಡಿ, ನಿಮ್ಮಪ್ಪ ಸುಮ್ನ ಗ್ವಾಡಿ ಕಡೆ ಕೈ ತೋರ್ಸಾಕತ್ಯಾನಲ್ಲೋ ಅಂತ ನಕ್ರು.”

ವಿಷಯ ಇಷ್ಟು. ನಾಲ್ಕು ನಿಮಿಷ ಹತ್ತು ಸೆಕೆಂಡಿನ ವಿಡಿಯೋ ಅದು. ಇಳಕಲ್ ಸೀರೆಯ ಟೋಪ್ ತೆನಿ ಸೆರಗನ್ನ ಹೇಗೆ ಗುರುತಿಸಬೇಕು, ಮೈಯಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿದ ಜಾಗ ಹೇಗಿರುತ್ತೆ ಅಂತ ಕಾಕಾ ಕೈಯಲ್ಲಿ ಹಿಡಿದು ತೋರಿಸ್ತಾನೆ. ಕೊನೆಯ ಹದಿನೆಂಟು ಸೆಕೆಂಡು ಕಾಕಾ ಗೋಡೆಯ ಮುಂದೆ ನಿಂತು, “ಈ ಕಡೆ ಒತ್ತಿದ್ರ ನಮ್ಮಲ್ಲಿರೋ ಸೀರಿ ಎಲ್ಲಾ ಬರ್ತಾವ್ರಿ, ಈ ಕಡೆ ಒತ್ತಿದ್ರ ಸೀರಿ ಹೆಂಗ್ ತೊಳಿಬೇಕಂತ ಐತ್ರಿ” ಅಂತಾನೆ. ಎಡಕ್ಕೆ ಪ್ಲೇಲಿಸ್ಟ್, ಬಲಕ್ಕೆ ಇನ್ನೊಂದು ವಿಡಿಯೋ, ಕೆಳಗೆ ಸಬ್‌ಸ್ಕ್ರೈಬ್ ಗುಂಡು. ಇದಕ್ಕೇ ಎಂಡ್ ಸ್ಕ್ರೀನ್ ಅನ್ನೋದು.

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಬರೆಯೋನು, ಮನೆಮಂದಿಗೆಲ್ಲ ಫ್ರೀ ಹೆಲ್ಪ್‌ಡೆಸ್ಕು. ಲ್ಯಾಪ್‌ಟಾಪಲ್ಲಿ ಲಿಂಕ್ ತೆರೆದೆ, ಕೊನೆಗೆ ಎಳೆದೆ. ಏನೂ ಇಲ್ಲ. ಕಾಕಾ ಗೋಡೆಗೆ ಕೈ ತೋರಿಸ್ತಿದಾನೆ. ಎರಡನೇ ಯೋಚನೆಯೇ ಮಾಡದೆ ಹೇಳಿದೆ: “ನೀ ಸೇವ್ ಮಾಡಿಲ್ಲಪಾ. ಇಲ್ಲಾಂದ್ರ ಅಪ್ಲೋಡೇ ಕೆಟ್ಟೈತಿ. ಡಿಲೀಟ್ ಮಾಡಿ ಹೊಸದಾಗಿ ಹಾಕು.”

ಅವನು ಹಾಕಿದ. ಆಗಲೂ ನನಗೆ ಕಾಣಲಿಲ್ಲ.

ಇನ್ನೊಂದು ಸಂಗತಿ ನನಗೆ ಗೊತ್ತಿರಲಿಲ್ಲ. ಡಿಲೀಟ್ ಆದ ಆ ವಿಡಿಯೋದ ಲಿಂಕನ್ನ ಕ್ಯೂಆರ್ ಮಾಡಿಸಿ, ಹುನಗುಂದದ ಪ್ರೆಸ್ಸಲ್ಲಿ ಎರಡು ಸಾವಿರ ಕಾರ್ಡು ಪ್ರಿಂಟ್ ಹಾಕಿಸಿದ್ದ. ಪ್ರತಿ ಸೀರೆ ಡಬ್ಬಿಯೊಳಗೆ ಒಂದೊಂದು. ಯೂಟ್ಯೂಬಲ್ಲಿ ಒಂದು ವಿಡಿಯೋ ತೆಗೆದು ಅದೇ ವಿಳಾಸಕ್ಕೆ ಇನ್ನೊಂದು ಕೂರಿಸೋಕೆ ಬರೋದಿಲ್ಲ. ಹೊಸ ಅಪ್ಲೋಡಿಗೆ ಹನ್ನೊಂದು ಅಕ್ಷರದ ಹೊಸ ಗುರುತು ಬರುತ್ತೆ, ಹಳೇದು ಸತ್ತ ಹಾಗೇ. ಕಾಮೆಂಟು, ವ್ಯೂಸು, ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದ್ದ ಲಿಂಕು ಎಲ್ಲ ಅದರ ಜೊತೆಗೇ ಹೋದವು.

ಮೂರನೇ ದಿನ, ಬೇರೆ ಯಾವುದೋ ಕೆಲಸಕ್ಕೆ ಇನ್‌ಕಾಗ್ನಿಟೋ ಕಿಟಕಿ ತೆಗೆದಿದ್ದವನು ಅದೇ ಲಿಂಕ್ ಹಾಕಿ ನೋಡಿದೆ. ಮೂರೂ ಚೌಕಗಳು ಅಚ್ಚುಕಟ್ಟಾಗಿ ಕೂತಿದ್ದವು. ಇನ್‌ಕಾಗ್ನಿಟೋದಲ್ಲಿ ನಾವಾಗಿ ಅನುಮತಿ ಕೊಡದೆ ಎಕ್ಸ್‌ಟೆನ್ಷನ್‌ಗಳು ಓಡೋದಿಲ್ಲ. ಹೊಟ್ಟೆ ತೊಳೆಸಿದ ಹಾಗಾಯ್ತು. ನನ್ನ ಜಾಹೀರಾತು ತಡೆಯೋ ಎಕ್ಸ್‌ಟೆನ್ಷನ್ನಿನ ಸೆಟ್ಟಿಂಗ್ ತೆಗೆದರೆ, ಎಷ್ಟೋ ವರ್ಷದ ಹಿಂದೆ ನಾನೇ ಅಂಟಿಸಿಕೊಂಡ ಎರಡು ಸಾಲು:

```
youtube.com##.ytp-ce-element
youtube.com##.ytp-cards-teaser
```

ಮೊದಲನೇ ಸಾಲು ಎಂಡ್ ಸ್ಕ್ರೀನಿನ ಚೌಕಗಳನ್ನ ಮರೆಮಾಡುತ್ತೆ, ಎರಡನೇದು ಕಾರ್ಡಿನ ಪಟ್ಟಿಯನ್ನ. ವಿಡಿಯೋದ ಕೊನೇ ದೃಶ್ಯದ ಮೇಲೆ ಚೌಕಗಳು ಬಂದು ಕೂರೋದು ನನಗೆ ಕಿರಿಕಿರಿ ಆಗ್ತಿತ್ತು, ಹಾಕಿಕೊಂಡೆ, ಮರೆತೆ. ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟು ಜನರ ಬ್ರೌಸರಲ್ಲಿ ಇಂಥದ್ದಿದೆ ಅಂತ ಒಮ್ಮೆ ನೋಡಿಕೊಳ್ಳಿ. 2025ರಿಂದ ಯೂಟ್ಯೂಬೇ ನೋಡುಗರಿಗೆ ಎಂಡ್ ಸ್ಕ್ರೀನ್ ಬಚ್ಚಿಡೋ `Hide` ಗುಂಡಿ ಕೊಟ್ಟಿದೆ. ಕಾರ್ಡುಗಳಿಗಂತೂ ನೋಡುಗನ ಸೆಟ್ಟಿಂಗಿನ `Playback and performance` ಒಳಗೆ ಟಿಕ್ ತೆಗೆಯೋ ಜಾಗ ಹಿಂದಿನಿಂದಲೂ ಇದೆ. ನೋಡೋರಿಗೆ ಆ ಹಕ್ಕು ಇರಬೇಕಾದ್ದೇ, ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರೋದು ನಮ್ಮಂಥವರ ತೀರ್ಪಿನ ಬಗ್ಗೆ. ನನ್ನ ಪರದೆ ಮೇಲೆ ಇಲ್ಲ ಅಂದರೆ ಇಳಕಲ್ಲಿನ ಹುಡುಗ ತಪ್ಪು ಮಾಡಿದಾನೆ ಅಂತ ಅರ್ಧ ನಿಮಿಷದಲ್ಲಿ ತೀರ್ಮಾನ ಕೊಟ್ಟೆನಲ್ಲ, ಅದರ ಬಗ್ಗೆ.

ಆಮೇಲೆ ಕೂತು ಸರಿಯಾಗಿ ನೋಡಿದೆ. ಎಂಡ್ ಸ್ಕ್ರೀನ್ ಅನ್ನೋದು ವಿಡಿಯೋದ ಒಳಗೆ ಇರೋದೇ ಇಲ್ಲ. ಟೋಪ್ ತೆನಿ ಸೆರಗು ಮಗ್ಗದ ಮೇಲೇ ಮೈಗೆ ಕೊಂಡಿ ಬಿದ್ದು ನೇಯ್ದುಕೊಂಡು ಬರುತ್ತೆ, ಸೀರೆ ಎಲ್ಲಿ ಹೋದರೂ ಸೆರಗು ಜೊತೆಗಿರುತ್ತೆ. ಎಂಡ್ ಸ್ಕ್ರೀನ್ ಹಾಗಲ್ಲ. ಅದು ಅಂಗಡಿಯವನು ಸೀರೆಗೆ ಸಿಕ್ಕಿಸೋ ಚೀಟಿಯ ಹಾಗೆ. ಸರ್ವರಲ್ಲಿ ವಿಡಿಯೋ ಫೈಲು ಒಂದು ಕಡೆ, ಚೀಟಿ ಇನ್ನೊಂದು ಕಡೆ. ಬೇಡದ್ದನ್ನೆಲ್ಲ ತೆಗೆದರೆ ಒಂದು ಚೌಕದ ಚೀಟಿ ಸುಮಾರು ಹೀಗಿರುತ್ತೆ:

```
"startMs": "232000",
"endMs": "250000",
"left": 0.04, "top": 0.2, "width": 0.32
```

232 ಸೆಕೆಂಡಿಗೆ, ಅಂದರೆ 3:52ಕ್ಕೆ ಶುರು ಮಾಡು, 4:10ಕ್ಕೆ ಮುಗಿಸು, ಚಿತ್ರದ ಅಗಲದಲ್ಲಿ ನೂರಕ್ಕೆ ನಾಲ್ಕು ಭಾಗ ಎಡದಿಂದ ಬಿಟ್ಟು ಮೂವತ್ತೆರಡು ಭಾಗ ಅಗಲದ ಚೌಕ ಬರೆ. ಇಷ್ಟೇ. ಬರೆಯೋ ಕೆಲಸ ನೋಡುಗನ ಕೈಲಿರೋ ಪ್ಲೇಯರಿನದು. ಆಂಡ್ರಾಯ್ಡ್ ಆಪ್ ಒಂದು ಪ್ಲೇಯರ್, ಐಫೋನಿನದು ಇನ್ನೊಂದು, ಲ್ಯಾಪ್‌ಟಾಪಿನ ಪುಟ ಮತ್ತೊಂದು, ಫೋನಿನ ಬ್ರೌಸರಿನ ಪುಟ ಮಗದೊಂದು, ಟೀವಿಯದು ಬೇರೆ, ಯೂಟ್ಯೂಬ್ ಮ್ಯೂಸಿಕ್ಕು ಬೇರೆ, ಮಕ್ಕಳ ಆಪು ಬೇರೆ. ಒಂದೊಂದನ್ನೂ ಬೇರೆ ಬೇರೆ ಕೋಡು ನಡೆಸುತ್ತೆ. ಚೀಟಿ ಓದಿ ಚೌಕ ಬರೆಯೋಕೆ ಬರೋ ಪ್ಲೇಯರ್ ಬರೆಯುತ್ತೆ, ಬರದೇ ಇರೋದು ಸುಮ್ಮನಿರುತ್ತೆ. ತಪ್ಪಾಯ್ತು ಅಂತ ಎಲ್ಲೂ ಸುದ್ದಿ ಬರೋದಿಲ್ಲ, ಯಾಕಂದ್ರೆ ಅದರ ಲೆಕ್ಕದಲ್ಲಿ ತಪ್ಪೇನೂ ಆಗಿಲ್ಲ.

ಹಾಗಾಗಿ “ಎಡಿಟರಲ್ಲಿ ಕಾಣ್ತದೆ” ಅನ್ನೋ ಮಾತಿಗೆ ಇರೋ ಅರ್ಥ ಒಂದೇ: ಚೀಟಿ ಬರೆದಿಟ್ಟಿದೀರಿ. ಗಿರಾಕಿ ಅದನ್ನ ನೋಡಿದ ಅಂತಲ್ಲ.

ನನ್ನ ಮಟ್ಟಿಗೆ ಕಾರಣ ಸಿಕ್ಕಿತು ಸರಿ. ಆದರೆ ಬಾದಾಮಿಯ ಗಿರಾಕಿ ಯಾಕೆ ನಕ್ಕರು? ಅವರ ಫೋನಲ್ಲಿ ಯಾವ ಎಕ್ಸ್‌ಟೆನ್ಷನ್ನೂ ಇರಲಿಕ್ಕಿಲ್ಲ. ತಮ್ಮನಿಗೆ ಹೇಳಿ ಕೇಳಿಸಿದೆ: “ವಿಡಿಯೋ ಓಡೋವಾಗ ಮ್ಯಾಲ ಏನ್ ಬರದಿರ್ತೈತಿ ಓದಿ ಹೇಳ್ರಿ.” ಅವರು ಓದಿದರು: `m.youtube.com`. ಅಲ್ಲಿಗೆ ಮುಗೀತು. ಫೋನಲ್ಲಿ ಜಾಗ ಸಾಲದೆ ಅವರ ಮಗ ಯೂಟ್ಯೂಬ್ ಆಪನ್ನ ನಿಲ್ಲಿಸಿಬಿಟ್ಟಿದ್ದ. ವಾಟ್ಸಾಪಿನ ಲಿಂಕ್ ಒತ್ತಿದರೆ ಕ್ರೋಮಲ್ಲಿ ತೆರೀತಿತ್ತು. ಫೋನಿನ ಬ್ರೌಸರಿನ ಪುಟದಲ್ಲಿ ಎಂಡ್ ಸ್ಕ್ರೀನ್ ಬರೋದಿಲ್ಲ, ಐಪ್ಯಾಡಿನದು ಮಾತ್ರ ಅಪವಾದ. ಇದೇನೂ ಗುಟ್ಟಲ್ಲ, ಯೂಟ್ಯೂಬಿನ ಸಹಾಯದ ಪುಟದಲ್ಲೇ ಬರೆದಿದ್ದ ಮಾತು. ಆದರೆ ನಾಲ್ಕು ಚೌಕ ಎಳೆದು ಕೂರಿಸ್ತಿರೋ ಹೊತ್ತಿಗೆ ಸಹಾಯದ ಪುಟ ಯಾರು ಓದ್ತಾರೆ?

ಒಂದು ಮಾತು ಗಮನಿಸಿ. ಕೆಲವರ ಆಪಿನಲ್ಲಿ ಬಂದು ಕೆಲವರ ಬ್ರೌಸರಿನಲ್ಲಿ ಬಾರದೇ ಹೋದರೆ, ವಿಡಿಯೋ ಸರಿಯಿದೆ ಅಂತಲೇ ಅರ್ಥ. ಮರು ಅಪ್ಲೋಡು ಮಾಡಿದರೂ ಆ ಬ್ರೌಸರಿನಲ್ಲಿ ಬರೋದಿಲ್ಲ. ನಾನು ಕೊಟ್ಟ ಔಷಧಿಗೂ ಆ ಕಾಯಿಲೆಗೂ ಸಂಬಂಧವೇ ಇರಲಿಲ್ಲ.

ಇದಕ್ಕಿಂತ ನನಗೆ ಹೆಚ್ಚು ಬುದ್ಧಿ ಕಲಿಸಿದ್ದು ಹುನಗುಂದದ ನಮ್ಮ ಅತ್ತೆ. “ನನಗೂ ಕಾಣವಲ್ದಪಾ” ಅಂದರು. ಬ್ರೌಸರ್ ಏನು ಅಂತ ಕೇಳಿದರೆ, “ಯಾವ ಬ್ರೌಸರ್? ವಾಟ್ಸಾಪ್ದಾಗ ಬಂದೈತಿ, ಅಲ್ಲೇ ನೋಡೇನಿ.” ಯಾರೋ ಪುಣ್ಯಾತ್ಮರು ವಿಡಿಯೋವನ್ನ ಡೌನ್‌ಲೋಡ್ ಮಾಡಿ ಫೈಲಾಗಿಯೇ ಕಳಿಸಿದ್ದಾರೆ. ಅದು ಮಹಿಳಾ ಸಂಘದ ಗುಂಪಿಂದ ಮದುವೆ ಗುಂಪಿಗೆ, ಅಲ್ಲಿಂದ ಊರ ಗುಂಪಿಗೆ ಹೋಗಿದೆ. ನಮ್ಮ ಕಡೆ ಸೀರೆ ವಿಡಿಯೋ ಓಡಾಡೋದೇ ಹೀಗೆ. ಫೈಲ್ ಯೂಟ್ಯೂಬನ್ನ ಬಿಟ್ಟು ಹೊರಬಿದ್ದ ಕ್ಷಣ ಚೀಟಿ ಅಲ್ಲೇ ಉಳೀತು. ಅಲ್ಲಿ ಚೌಕ ಬರೆಯೋ ಪ್ಲೇಯರೂ ಇಲ್ಲ, ಚೀಟಿಯೂ ಇಲ್ಲ. ಹದಿನೆಂಟು ಸೆಕೆಂಡು ಕಾಕಾ ಗೋಡೆ ತೋರಿಸ್ತಾನೆ, ಅಷ್ಟೇ. ಅಂಥವರ ಲೆಕ್ಕ ಯೂಟ್ಯೂಬ್ ಸ್ಟುಡಿಯೋದ ಯಾವ ಅಂಕಿಅಂಶದಲ್ಲೂ ಇರೋದಿಲ್ಲ. ಅತ್ತೆಯ ಗುಂಪಿನವರೇ ಆ ತಿಂಗಳು ಹೆಚ್ಚು ಸೀರೆ ತಗೊಂಡದ್ದು ಅಂತ ಆಮೇಲೆ ಕಾಕಾ ಹೇಳಿದ. ಅಂಗಡಿಗೆ ನಡೆದುಕೊಂಡು ಬಂದು ತಗೊಂಡರಂತೆ.

ಇನ್ನು ಕಾರ್ಡು. ವಿಡಿಯೋ ನಡುವೆ ಮೇಲ್ಗಡೆ ಬಲಮೂಲೆಯಲ್ಲಿ ಸಣ್ಣ ಪಟ್ಟಿ ಜಾರಿಬರುತ್ತಲ್ಲ, ಅದು. ಒಂದು ವಿಡಿಯೋಗೆ ಐದು ತನಕ ಹಾಕಬಹುದು. ತಮ್ಮ ಒಂದೇ ಒಂದು ಹಾಕಿದ್ದ, ಸೀರೆ ತೊಳೆಯೋ ವಿಡಿಯೋಗೆ. ಅದು ಅವನ ಫೋನಲ್ಲೂ ಕಾಣ್ತಿರಲಿಲ್ಲ, ಇನ್‌ಕಾಗ್ನಿಟೋದಲ್ಲೂ ಕಾಣಲಿಲ್ಲ. ಎಡಿಟರಲ್ಲಿ ಮಾತ್ರ ಟೈಮ್‌ಲೈನಿನ ಮೇಲೆ ನೆಟ್ಟಗೆ ನಿಂತಿತ್ತು, 3:55ಕ್ಕೆ. ನಾನೂ ಹದಿನೈದು ನಿಮಿಷ ತಲೆ ಕೆರೆದುಕೊಂಡೆ. ಆಮೇಲೆ ಎರಡೂ ಸಮಯ ಪಕ್ಕಪಕ್ಕ ಬರೆದಾಗ ಹೊಳೀತು. ಎಂಡ್ ಸ್ಕ್ರೀನ್ ಶುರುವಾಗೋದು 3:52ಕ್ಕೆ. ಎಂಡ್ ಸ್ಕ್ರೀನ್ ನಡೀತಿರೋವಾಗ ಕಾರ್ಡಿನ ಪಟ್ಟಿಯನ್ನೂ ಮೂಲೆಯ ವಾಟರ್‌ಮಾರ್ಕನ್ನೂ ಪ್ಲೇಯರ್ ತಡೆಹಿಡಿಯುತ್ತೆ. ಎರಡೂ ಒಂದೇ ಜಾಗಕ್ಕೆ ಗುದ್ದಾಡಬಾರದು ಅಂತ. ನಿಯಮ ಸರಿಯಾದದ್ದೇ. ಕಾರ್ಡನ್ನ 1:10ಕ್ಕೆ ಎಳೆದೆವು, ಕಾಕಾ ಸೆರಗಿನ ರೇಷ್ಮೆ ಬಗ್ಗೆ ಮಾತಾಡೋ ಜಾಗಕ್ಕೆ. ಕಾಣಿಸ್ತು. ಮರು ಅಪ್ಲೋಡು ಬೇಕಾಗಲಿಲ್ಲ. ಚೀಟಿ ಬೇರೆ, ಸೀರೆ ಬೇರೆ ಆಗಿರೋದರ ಲಾಭವೇ ಇದು: ವಿಡಿಯೋ ಮುಟ್ಟದೆ ಚೀಟಿ ಬದಲಾಯಿಸಬಹುದು. ನಾನು ಹೇಳಿದ ಉಪಾಯ ಆ ಲಾಭವನ್ನೇ ತಿಪ್ಪೆಗೆ ಹಾಕಿತ್ತು.

ಹುಡುಕಿ ನೋಡಿ, “ಎಂಡ್ ಸ್ಕ್ರೀನ್ ಕಾಣ್ತಿಲ್ವಾ? ಹೀಗೆ ಮಾಡಿ” ಅನ್ನೋ ಉಪದೇಶಕರಿಗೆ ಬರ ಇಲ್ಲ. ಕ್ಯಾಶ್ ಅಳಿಸಿ, ಆಪ್ ತೆಗೆದು ಹಾಕಿ, ಎಂಡ್ ಸ್ಕ್ರೀನ್ ತೆಗೆದು ಮತ್ತೆ ಹಾಕಿ, ಕೊನೆಗೆ ವಿಡಿಯೋನೇ ಡಿಲೀಟ್ ಮಾಡಿ ಮತ್ತೆ ಹಾಕಿ. ಆಪ್ ತೀರಾ ಹಳೇದಾಗಿದ್ದರೆ ಹೊಸದು ಹಾಕಿಕೊಳ್ಳೋದು ಕೆಲಸಕ್ಕೆ ಬರಬಹುದು, ಒಪ್ಪಿದೆ. ಆದರೆ ಒಬ್ಬರೂ ಮೊದಲು ಕೇಳಬೇಕಾದ್ದನ್ನ ಕೇಳೋದಿಲ್ಲ: ಯಾರಿಗೆ ಕಾಣ್ತಿಲ್ಲ, ಅವರು ಯಾವುದರಲ್ಲಿ ನೋಡ್ತಿದಾರೆ? “ಕೆಲವರಿಗೆ ಕಾಣ್ತಿಲ್ಲ” ಅನ್ನೋದೂ “ಯಾರಿಗೂ ಕಾಣ್ತಿಲ್ಲ” ಅನ್ನೋದೂ ಎರಡು ಬೇರೆ ದೂರುಗಳು, ಎರಡಕ್ಕೂ ಬೇರೆ ಬೇರೆ ಕಡೆ ಹುಡುಕಬೇಕು.

ಯಾರಿಗೂ ಕಾಣದಿರೋ ಬಗೆಯದೂ ಒಂದು ನಮ್ಮನೇಲೇ ಸಿಕ್ಕಿತು. ತಮ್ಮನ ಇನ್ನೊಂದು ವಿಡಿಯೋದಲ್ಲಿ ಅಕ್ಕನ ಮಗಳು ಕಸೂತಿ ಹಾಕೋದನ್ನ ತೋರಿಸ್ತಾಳೆ. ಅಪ್ಲೋಡ್ ಮಾಡೋವಾಗ ಇದು ಮಕ್ಕಳಿಗಾಗಿ ಮಾಡಿದ್ದೋ ಅಂತ ಕೇಳುತ್ತೆ, `Made for kids`. ತಮ್ಮ “ಹೌದು” ಅಂದ. ಅವನು ಅರ್ಥ ಮಾಡಿಕೊಂಡದ್ದು, ಮಕ್ಕಳು ನೋಡಬಹುದಾ, ಹೊಲಸೇನೂ ಇಲ್ಲ ತಾನೇ, ಅಂತ. ಪ್ರಶ್ನೆ ಅದಲ್ಲ. ಅಮೆರಿಕದ ಮಕ್ಕಳ ಖಾಸಗಿತನದ ಕಾನೂನು ಮುರಿದ ಆರೋಪದ ಮೇಲೆ ಗೂಗಲ್ 2019ರಲ್ಲಿ 17 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಅದರ ಫಲವಾಗಿ 2020ರ ಜನವರಿಯಿಂದ ಈ ಪ್ರಶ್ನೆಯ ಉತ್ತರದ ಮೇಲೆ ಬಹಳಷ್ಟು ನಿಂತಿದೆ. ಹೌದು ಅಂದ ವಿಡಿಯೋಗೆ ಎಂಡ್ ಸ್ಕ್ರೀನ್ ಇಲ್ಲ, ಕಾರ್ಡ್ ಇಲ್ಲ, ಕಾಮೆಂಟೂ ಇಲ್ಲ. ಗುರುತಿಸೋದು ಸುಲಭ: ಕೆಳಗೆ ಕಾಮೆಂಟು ಬಂದ್ ಆಗಿದ್ದು ಚೌಕಗಳೂ ಎಲ್ಲೂ ಕಾಣದಿದ್ದರೆ ಮೊದಲು ಇದನ್ನ ನೋಡಿ. ಸೀರೆ ಉಡೋ ಹೆಂಗಸರಿಗಾಗಿ ಮಾಡಿದ ವಿಡಿಯೋ ಅದು. ಉತ್ತರ ತಿದ್ದಿದ ಮೇಲೆ ಸರಿಹೋಯ್ತು.

ಈ ರೋಗ ಹೊಸದೇನಲ್ಲ. ಎಂಡ್ ಸ್ಕ್ರೀನಿಗೆ ಮುಂಚೆ ಅನೊಟೇಷನ್ ಅಂತ ಒಂದಿತ್ತು, 2008ರಿಂದ. ವಿಡಿಯೋ ಮೇಲೆ ಬಣ್ಣದ ಡಬ್ಬಿಗಳು, ಒತ್ತಿದರೆ ಬೇರೆ ವಿಡಿಯೋ. ಕಂಪ್ಯೂಟರಲ್ಲಿ ಚೆನ್ನಾಗಿ ಓಡ್ತಿತ್ತು, ಫೋನಲ್ಲಿ ಬರ್ತಲೇ ಇರಲಿಲ್ಲ. ಜನ ಫೋನಿಗೆ ಹೋದ ಮೇಲೂ ಎಡಿಟರಲ್ಲಿ ಡಬ್ಬಿಗಳು ಮಿರಮಿರ ಅಂತಿದ್ದವು. ಅದನ್ನ ತೀರಿಸೋಕೇ 2015ರಲ್ಲಿ ಕಾರ್ಡು, 2016ರಲ್ಲಿ ಎಂಡ್ ಸ್ಕ್ರೀನ್ ಬಂದವು. 2017ರ ಮೇ ತಿಂಗಳಿಂದ ಹೊಸ ಅನೊಟೇಷನ್ ಹಾಕೋದು ನಿಂತಿತು, 2019ರ ಜನವರಿ 15ಕ್ಕೆ ಹಳೇವನ್ನೂ ಅಳಿಸಿದರು. ಈಗ ಹಳೇ ವಿಡಿಯೋ ತೆಗೆದರೆ, ಯಾರೋ ಖಾಲಿ ಗಾಳಿಗೆ ಬೆರಳು ತೋರಿಸಿ “ಇಲ್ಲಿ ಒತ್ತಿ” ಅಂತಿರ್ತಾರೆ. ನಮ್ಮ ಕಾಕಾನ ಅಣ್ಣತಮ್ಮಂದಿರು ಜಗತ್ತಿನ ತುಂಬ ಇದ್ದಾರೆ.

ನಮ್ಮ ವೃತ್ತಿಯವರು ಇದಕ್ಕೊಂದು ಸಮಜಾಯಿಷಿ ಇಟ್ಟುಕೊಂಡಿರ್ತೀವಿ: ಎಲ್ಲಾ ಡಿವೈಸಿಗೂ ಒಂದೇ ಥರ ಮಾಡೋಕಾಗಲ್ಲ, ಡಾಕ್ಯುಮೆಂಟಲ್ಲಿ ಬರೆದಿದೀವಿ. ಮೊದಲನೇ ಮಾತು ನಿಜ. ಟೀವಿ ರಿಮೋಟಿಗೂ ಬೆರಳಿಗೂ ಒಂದೇ ಚೌಕ ಹೊಂದೋದಿಲ್ಲ, ಸಣ್ಣ ಪ್ಲೇಯರಲ್ಲಿ ನಾಲ್ಕು ಚೌಕ ಕೂತರೆ ಚಿತ್ರವೇ ಕಾಣಲ್ಲ. ನಾನೂ ಇಂಥ ಕೋಡ್ ಬರೆದಿದೀನಿ, ಬಿಟ್ಟುಕೊಡೋದು ಏನನ್ನ ಅಂತ ಗೊತ್ತು. ಎರಡನೇ ಮಾತನ್ನ ನಾನು ಒಪ್ಪಲ್ಲ. ಚೀಟಿ ಬರೆಯೋ ಪರದೆ ಮೇಲೇ, ಸೇವ್ ಗುಂಡಿಯ ಪಕ್ಕದಲ್ಲೇ, “ಫೋನಿನ ಬ್ರೌಸರಿನಲ್ಲಿ ನೋಡೋರಿಗೆ ಇದು ಕಾಣಲ್ಲ” ಅಂತ ಒಂದು ಸಾಲು ಹಾಕೋದಕ್ಕೆ ಯಾವ ತಂತ್ರಜ್ಞಾನದ ಅಡ್ಡಿಯೂ ಇಲ್ಲ. ಕಾರ್ಡು ಎಂಡ್ ಸ್ಕ್ರೀನಿನ ಹೊತ್ತಿಗೆ ಬಿದ್ದರೆ ಟೈಮ್‌ಲೈನಿನಲ್ಲಿ ಕೆಂಪಗೆ ಮಾಡೋದು ಎರಡು ಅಂಕಿ ಹೋಲಿಸೋ ಕೆಲಸ, ಇಂಟರ್ನ್ ಹುಡುಗ ಒಂದು ಮಧ್ಯಾಹ್ನದಲ್ಲಿ ಬರೀತಾನೆ. ನಾವು ಬರೆಯೋದಿಲ್ಲ, ಯಾಕಂದ್ರೆ ನಮ್ಮ ಮೀಟಿಂಗಿನಲ್ಲಿ ತೋರಿಸೋ ಡೆಮೊ ಯಾವಾಗಲೂ ದೊಡ್ಡ ಲ್ಯಾಪ್‌ಟಾಪಿನ ಮೇಲೇ ಓಡುತ್ತೆ. ಬಾದಾಮಿಯ ಗಿರಾಕಿ ಆ ಮೀಟಿಂಗಿನಲ್ಲಿ ಕೂತಿರೋದಿಲ್ಲ.

ಅವರು ಇಲ್ಲ ಅನ್ನೋದು ಗೊತ್ತಿದ್ದ ಮೇಲೆ ಪರೀಕ್ಷೆ ಮಾಡೋದಾದರೂ ಅವರ ಹಾಗೆ ಮಾಡಬೇಕು. ಈಗ ತಮ್ಮ ಹೊಸ ವಿಡಿಯೋ ಹಾಕಿದ ದಿನ ನಾಲ್ಕು ಕಡೆ ನೋಡ್ತಾನೆ. ಲ್ಯಾಪ್‌ಟಾಪಲ್ಲಿ ಇನ್‌ಕಾಗ್ನಿಟೋ, ಯಾಕಂದ್ರೆ ತನ್ನ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಖಾಸಗಿ ಮಾಡಿಟ್ಟ ಪ್ಲೇಲಿಸ್ಟೂ ತನಗೆ ತೆರೆಯುತ್ತೆ, ಬೇರೆಯವರಿಗೆ ತೆರೆಯೋದಿಲ್ಲ. ಚಿಗವ್ವನ ಫೋನಿನ ಆಪು, ಅದು ಅವಳದೇ ಖಾತೆ. ಅದೇ ಫೋನಿನ ಕ್ರೋಮು. ಮತ್ತೆ ಬಾಗಲಕೋಟೆಯಲ್ಲಿ ಮಾವನ ಮನೆಯ ಟೀವಿ, ಮಾವ ಹೇಗೂ ಖಾಲಿ ಇರ್ತಾನೆ. ಸ್ಟುಡಿಯೋದ ಅನಾಲಿಟಿಕ್ಸಲ್ಲಿ ಎಂಡ್ ಸ್ಕ್ರೀನ್ ಚೌಕ ಎಷ್ಟು ಸಲ ತೋರಿಸಲ್ಪಟ್ಟಿತು ಅನ್ನೋ ಅಂಕಿಯೂ ಇದೆ. ಅದು ಕಮ್ಮಿ ಅಂದ ಕೂಡಲೇ ಕೆಟ್ಟಿದೆ ಅಂತ ಅಲ್ಲ. ಅರ್ಧಕ್ಕೇ ಎದ್ದು ಹೋದವನಿಗೆ ಕೊನೆಯ ಹದಿನೆಂಟು ಸೆಕೆಂಡು ಬರೋದೇ ಇಲ್ಲ. ಆದರೆ ತುಂಬ ಜನ ಕೊನೇ ತನಕ ನೋಡಿದಾರೆ, ತೋರಿಸಿದ್ದು ಮಾತ್ರ ಸೊನ್ನೆ ಅಂತಿದ್ದರೆ ಆಗ ಹುಡುಕಬೇಕು.

ಶೂಟಿಂಗೂ ಬದಲಾಗಿದೆ. ಕಾಕಾ ಈಗ ಗೋಡೆಗೆ ಕೈ ತೋರಿಸೋದಿಲ್ಲ. ಕೊನೆಯಲ್ಲಿ ಸೀರೆಯ ಮೇಲೆಯೇ ಅಂಗಡಿಯ ಹೆಸರು, ಫೋನ್ ನಂಬರು ಬರೆದ ರಟ್ಟು ಇಟ್ಟು ಬಾಯಲ್ಲೂ ಎರಡು ಸಲ ಹೇಳ್ತಾನೆ. ಅದು ಚಿತ್ರದೊಳಗೇ ಇರೋದರಿಂದ ವಾಟ್ಸಾಪ್ ಫೈಲಲ್ಲೂ ಬರುತ್ತೆ, ಬ್ರೌಸರಲ್ಲೂ ಬರುತ್ತೆ, ನನ್ನಂಥವನ ಫಿಲ್ಟರೂ ಅದನ್ನ ಮುಟ್ಟೋಕಾಗಲ್ಲ. ಎಂಡ್ ಸ್ಕ್ರೀನ್ ಅದರ ಪಕ್ಕದ ಖಾಲಿ ಜಾಗದಲ್ಲಿ ಬಂದರೆ ಬಂತು.

ಕಾರ್ಡಿನ ಪ್ರಿಂಟಿಂಗ್ ದುಡ್ಡು ನಾನೇ ಕೊಟ್ಟೆ. ತಮ್ಮ ಬೇಡ ಅಂದ, ಕಾಕಾ ಮಾತ್ರ ಬೇಡ ಅನ್ನಲಿಲ್ಲ. ಹಳೇ ಕಾರ್ಡು ಇನ್ನೂ ಸಾವಿರದ ನಾನೂರು ಉಳಿದಿವೆಯಂತೆ. ಹಿಂಬದಿ ಖಾಲಿ ಇರೋದರಿಂದ ಚಿಗವ್ವ ಅದರ ಮೇಲೆ ಹಾಲಿನ ಲೆಕ್ಕ ಬರೀತಾಳೆ. ಹೋದ ಸಲ ಊರಿಗೆ ಹೋದಾಗ ಒಂದನ್ನ ಸ್ಕ್ಯಾನ್ ಮಾಡಿ ನೋಡಿದೆ, `Video unavailable` ಅಂತ ಬಂತು. ಚಿಗವ್ವ ಇಣುಕಿ ನೋಡಿ, “ಏನಂತೈತೋ ಅದು?” ಅಂದಳು. “ಏನಿಲ್ಲ ಬಿಡವಾ, ನಾ ಮಾಡಿದ್ದು” ಅಂದೆ.